ಶುಗರ್ ಮಾತ್ರೆ ಬಚ್ಚಿಟ್ಟ ಅಂಗಡಿ ಯಜಮಾನರು: ಒಂದು ಪಿಪಿಟಿಯನ್ನು ರೋಲ್ ಪ್ಲೇ ಮಾಡಿದ ಬಗೆ

ಆರೋಗ್ಯ ವಿಮೆ ಮಾರುವವರಿಗೆ ತೋರಿಸುವ ಟ್ರೈನಿಂಗ್ ಪಿಪಿಟಿ ಯಾವುದೇ ಇರಲಿ, ಅದರಲ್ಲಿ ಒಂದು ಸ್ಲೈಡ್ ಇದ್ದೇ ಇರುತ್ತದೆ. "ಪ್ರಪೋಸಲ್ ಫಾರ್ಮ್‌ನಲ್ಲಿ ಗ್ರಾಹಕರ ಆರೋಗ್ಯದ ಮಾಹಿತಿಯನ್ನು ಪೂರ್ತಿಯಾಗಿ, ಸರಿಯಾಗಿ ತುಂಬಿಸಿ." ಪಕ್ಕದಲ್ಲಿ ಕೋಟು ಹಾಕಿಕೊಂಡ ಇಬ್ಬರು ಕೈ ಕುಲುಕುತ್ತಿರುವ ಚಿತ್ರ. ಟ್ರೈನರ್ ಓದುತ್ತಾರೆ, ಕೂತವರು ತಲೆ ಆಡಿಸುತ್ತಾರೆ, ಮುಂದಿನ ಸ್ಲೈಡ್ ಬರುತ್ತದೆ.

ಅದನ್ನು ಕೇಳಿಸಿಕೊಂಡ ಹುಡುಗ ಮಾರನೇ ದಿನ ಯಾವುದೋ ಅಂಗಡಿಯ ಗಲ್ಲಾಪೆಟ್ಟಿಗೆ ಮುಂದೆ ಕೂತು, "ಸರ್, ನಿಮಗೆ ಏನಾದ್ರೂ ಕಾಯಿಲೆ ಇದೆಯಾ?" ಅಂತ ಕೇಳುತ್ತಾನೆ. "ಏನಿಲ್ಲ ಬಿಡ್ರಿ, ಗಟ್ಟಿಮುಟ್ಟಾಗಿದ್ದೀನಿ" ಅನ್ನುವ ಉತ್ತರ ಬರುತ್ತದೆ. ಫಾರ್ಮ್‌ನಲ್ಲಿ 'ಇಲ್ಲ' ಎಂದು ಬೀಳುತ್ತದೆ. ಎರಡು ವರ್ಷ ಆದ ಮೇಲೆ ಅವರು ಆಸ್ಪತ್ರೆ ಸೇರುತ್ತಾರೆ. ಡ್ಯೂಟಿ ಡಾಕ್ಟರ್ ಕೇಳಿದಾಗ "ಆರು ವರ್ಷದಿಂದ ಶುಗರ್ ಮಾತ್ರೆ ತಗೋತಿದ್ದೀನಿ" ಎಂದು ಅವರೇ ಹೇಳುತ್ತಾರೆ. ಕೇಸ್ ಶೀಟ್‌ನಲ್ಲಿ ಅದು ದಾಖಲಾಗುತ್ತದೆ. ಕ್ಲೇಮ್ ನಿಲ್ಲುತ್ತದೆ. ಇಲ್ಲಿ ಹುಡುಗ ಸುಳ್ಳು ಹೇಳಿಲ್ಲ. ಯಜಮಾನರೂ ಬೇಕೆಂದು ಮುಚ್ಚಿಟ್ಟಿಲ್ಲ. ನಮ್ಮ ಕಡೆ ದಿನಾ ಒಂದು ಶುಗರ್ ಮಾತ್ರೆ ನುಂಗುವುದನ್ನು ಎಷ್ಟೋ ಜನ ಕಾಯಿಲೆ ಅಂತ ಲೆಕ್ಕಕ್ಕೇ ಇಟ್ಟಿಲ್ಲ. ಸ್ಲೈಡ್ ಹೇಳಿದ್ದನ್ನು ಹುಡುಗ ತನಗೆ ಗೊತ್ತಿದ್ದ ಮಟ್ಟಿಗೆ ಪಾಲಿಸಿದ್ದಾನೆ. ಹೇಗೆ ಕೇಳಬೇಕು ಅನ್ನುವುದು ಮಾತ್ರ ಆ ಸ್ಲೈಡ್‌ನಲ್ಲಿ ಇರಲಿಲ್ಲ.

ನಾನು ಹುಬ್ಬಳ್ಳಿ, ದಾವಣಗೆರೆ ಕಡೆ ಆರೋಗ್ಯ ವಿಮೆ ಮಾರುವ ತಂಡಗಳಿಗೆ ಟ್ರೈನಿಂಗ್ ಕೊಡುತ್ತೇನೆ. ಮೇಲಿಂದ ಬಂದ ಒಂದು ದಪ್ಪ ಪಿಪಿಟಿಯನ್ನು ನಾವು ರೋಲ್ ಪ್ಲೇಗಳಾಗಿ ಬದಲಾಯಿಸಿಕೊಂಡಿದ್ದೇವೆ. ಅದರಲ್ಲಿ ಒಂದೇ ಒಂದನ್ನು ತೆಗೆದುಕೊಂಡು, ಸ್ಲೈಡ್‌ನಿಂದ ಮಾರ್ಕ್ಸ್ ಶೀಟ್‌ವರೆಗೆ ಹೇಗೆ ಬಂದೆವು ಅಂತ ಇಲ್ಲಿ ಬರೆಯುತ್ತೇನೆ. ನೀವು ಮಾರುವುದು ಟ್ರ್ಯಾಕ್ಟರ್ ಆಗಿರಬಹುದು, ಸೋಲಾರ್ ಆಗಿರಬಹುದು. ಲೆಕ್ಕಾಚಾರ ಬೇರೆಯಾದರೂ ಕೆಲಸದ ಹಾದಿ ಹೆಚ್ಚುಕಡಿಮೆ ಇದೇ.

ಮೊದಲು ಮಾಡಿದ ಕೆಲಸ ಸ್ಲೈಡ್‌ಗಳನ್ನು ಬೇರ್ಪಡಿಸುವುದು. ಕಂಪನಿಯ ಇತಿಹಾಸ, ಪ್ರಶಸ್ತಿಗಳು, ಎಷ್ಟು ಆಸ್ಪತ್ರೆಗಳ ಜೊತೆ ಒಪ್ಪಂದ ಇದೆ ಅನ್ನುವುದೆಲ್ಲ ರೋಲ್ ಪ್ಲೇಗೆ ಬೇಡ. ಓದಿಕೊಂಡರೆ ಸಾಕು, ಬೇಕಾದರೆ ಒಂದು ಚಿಕ್ಕ ಟೆಸ್ಟ್ ಇಡಬಹುದು. ಉಳಿದ ಪ್ರತಿ ಸ್ಲೈಡ್ ಮುಂದೆ ಒಂದೇ ಪ್ರಶ್ನೆ ಕೇಳಿಕೊಂಡೆವು: ಈ ವಿಷಯ ಯಾವ ಗ್ರಾಹಕನ ಬಾಯಲ್ಲಿ ತೊಡಕಾಗಿ ಬರುತ್ತದೆ? ಉತ್ತರ ಹೊಳೆದರೆ ಅದು ರೋಲ್ ಪ್ಲೇ ಆಗುತ್ತದೆ. ಹೊಳೆಯದಿದ್ದರೆ ಬಿಟ್ಟುಬಿಡುವುದು. ಉದಾಹರಣೆಗೆ ಆರೋಗ್ಯ ವಿಮೆಯ ಪ್ರೀಮಿಯಂಗೆ ಸಿಗುವ 80ಡಿ ತೆರಿಗೆ ವಿನಾಯಿತಿಯ ಸ್ಲೈಡ್. ನೋಡಲು ಸೀದಾ ಸಾದಾ. ಆದರೆ ಗ್ರಾಹಕ ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ಆ ವಿನಾಯಿತಿ ಅವನಿಗೆ ಸಿಗುವುದೇ ಇಲ್ಲ. ಹಳೆಯದೋ ಹೊಸದೋ ಅಂತ ಕೇಳದೆ "ಟ್ಯಾಕ್ಸ್ ಉಳಿಯುತ್ತೆ ಸರ್" ಅಂದುಬಿಡುವ ಹುಡುಗನನ್ನು ಹಿಡಿಯಲು ಅಷ್ಟು ಸಾಕು.

ಸ್ಲೈಡ್ ವಿಷಯ ಕೊಡುತ್ತದೆ, ಗ್ರಾಹಕನನ್ನು ಕೊಡುವುದಿಲ್ಲ. ಗ್ರಾಹಕ ನಮಗೆ ಸಿಕ್ಕಿದ್ದು ಕ್ಲೇಮ್ಸ್ ಡೆಸ್ಕ್‌ನಲ್ಲಿ. ಮಾರುವವರಿಗೆ ನೆನಪಿರುವುದು ಪಾಲಿಸಿ ತೆಗೆದುಕೊಂಡ ದಿನದ ಗ್ರಾಹಕ. ಕ್ಲೇಮ್ಸ್‌ನವರಿಗೆ ಸಿಗುವುದು ಬಿಲ್ ಹಿಡಿದು ಬಂದು ಬೈಯುವ ಗ್ರಾಹಕ. ಅವರ ಹತ್ತಿರ ಅರ್ಧ ದಿನ ಕೂತು, ಯಾವ ಕ್ಲೇಮ್‌ಗಳು ನಿಂತವು, ಯಾವುದರಲ್ಲಿ ಕಡಿತವಾಯಿತು, ಗ್ರಾಹಕರು ಏನಂದರು ಅಂತ ಕೇಳಿ ಬರೆದುಕೊಂಡೆವು. ಹೆಸರು, ಊರು, ಆಸ್ಪತ್ರೆ ಎಲ್ಲ ತೆಗೆದು, ಎರಡು ಮೂರು ಕೇಸ್‌ಗಳನ್ನು ಕಲಸಿ ಒಬ್ಬ ಗ್ರಾಹಕನನ್ನು ಮಾಡಿಕೊಂಡೆವು. ಕಲಸುವುದು ಮುಖ್ಯ. ಇಲ್ಲದಿದ್ದರೆ ತಂಡದಲ್ಲಿ ಯಾರೋ ಒಬ್ಬರು "ಓ, ಇವರು ನಮ್ಮ ಇಂಥವರು ಅಲ್ವಾ" ಅಂದುಬಿಡುತ್ತಾರೆ.

ಹಾಗೆ ಹುಟ್ಟಿದವರು ನಮ್ಮ ದಾವಣಗೆರೆಯ ಹಾರ್ಡ್‌ವೇರ್ ಅಂಗಡಿ ಯಜಮಾನರು. ವಯಸ್ಸು 46. ಹೆಂಡತಿಗೆ 41. ಇಬ್ಬರು ಮಕ್ಕಳು, ದೊಡ್ಡವಳು ಪಿಯುಸಿ. ಅವರೇ ಫೋನ್ ಮಾಡಿ ಕರೆಸಿದ್ದಾರೆ.

ಗ್ರಾಹಕನ ಪಾತ್ರ ಮಾಡುವವರಿಗೆ ಬರೆದುಕೊಡುವ ಬ್ರೀಫ್ ಅಂದರೆ ಇಷ್ಟೇ ಅಂದುಕೊಂಡರೆ ರೋಲ್ ಪ್ಲೇ ಎರಡು ನಿಮಿಷಕ್ಕೆ ಮುಗಿಯುತ್ತದೆ. ವಯಸ್ಸು, ಕೆಲಸ, ಆದಾಯ ಬರೆದುಕೊಟ್ಟರೆ ಗ್ರಾಹಕನ ಪಾತ್ರ ಮಾಡುವವರು ಉಳಿದದ್ದನ್ನು ಅಲ್ಲೇ ಹುಟ್ಟಿಸಿಕೊಳ್ಳುತ್ತಾರೆ. ಒಬ್ಬೊಬ್ಬರು ಒಂದೊಂದು ಥರ. ಆಗ ಇಬ್ಬರು ಹುಡುಗರಿಗೆ ಬಂದ ಮಾರ್ಕ್ಸ್ ಹೋಲಿಸಲು ಆಗುವುದಿಲ್ಲ. ಅದಕ್ಕೆ ನಾವು ಬ್ರೀಫನ್ನು ಮೂರು ಪದರದಲ್ಲಿ ಬರೆಯುತ್ತೇವೆ. ಮೊದಲನೆಯದು, ಕೇಳದೆಯೇ ಹೇಳುವುದು. ಎರಡನೆಯದು, ಸರಿಯಾಗಿ ಕೇಳಿದರೆ ಮಾತ್ರ ಹೇಳುವುದು. ಮೂರನೆಯದು, ಮಾತು ಒಂದು ಹಂತಕ್ಕೆ ಬಂದ ಮೇಲೆ ಮಾಡುವ ಒತ್ತಾಯ. ಮಾರುವವನಿಗೆ ಸಿಗುವ ಚೀಟಿಯಲ್ಲಿ ಒಂದೇ ಸಾಲು: "ಹಾರ್ಡ್‌ವೇರ್ ಅಂಗಡಿ, ಕುಟುಂಬಕ್ಕೆ ಪಾಲಿಸಿ ಬೇಕಂತೆ, ಬೆಳಿಗ್ಗೆ ಫೋನ್ ಮಾಡಿದ್ದರು." ನಿಜವಾದ ಲೀಡ್ ಕೂಡ ಇಷ್ಟೇ ಹೇಳುತ್ತದೆ.

ಮೊದಲ ಪದರದಲ್ಲಿ ಯಜಮಾನರ ಬಾಯಿಂದ ಬರುವುದು ಬೆಲೆಯ ಮಾತು. "ನೋಡ್ರಿ, ನನಗೆ ಟೈಮಿಲ್ಲ. ಐದು ಲಕ್ಷದ್ದು ವರ್ಷಕ್ಕೆ ಎಷ್ಟಾಗುತ್ತೆ, ಅಷ್ಟು ಹೇಳ್ರಿ ಸಾಕು." ಇದನ್ನು ಅವರು ಎರಡು ಸಲ ಹೇಳಬೇಕು. ಎರಡೂ ಸಲ ಮಾರುವವನು ಮರ್ಯಾದೆಯಿಂದ ತಡೆದು ಪ್ರಶ್ನೆ ಕೇಳಿದರೆ, ಮೂರನೇ ಸಲ ಹೇಳಬಾರದು. ಇದನ್ನು ಬ್ರೀಫ್‌ನಲ್ಲಿ ಬರೆದೇ ಕೊಡಬೇಕು, ಯಾಕೆ ಅಂತ ಆಮೇಲೆ ಹೇಳುತ್ತೇನೆ. ಇನ್ನೊಂದು ಮಾತು: "ನಮ್ಮ ಸೊಸೈಟಿ ಕಡೆಯಿಂದ ಯಶಸ್ವಿನಿ ಕಾರ್ಡ್ ಐತಿ, ಮತ್ತೆ ಇದ್ಯಾಕೆ?" ಯಶಸ್ವಿನಿ ಸಹಕಾರ ಸಂಘದ ಸದಸ್ಯರಿಗಿರುವ ಸರ್ಕಾರದ ಯೋಜನೆ, ಗುರುತಿಸಿದ ಆಸ್ಪತ್ರೆಗಳಲ್ಲಿ ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಅನ್ವಯವಾಗುತ್ತದೆ. ಪಿಪಿಟಿಯ 'ಆಕ್ಷೇಪಣೆಗಳಿಗೆ ಉತ್ತರ' ಎಂಬ ಸ್ಲೈಡ್‌ನಲ್ಲಿ ಇದರ ಸುದ್ದಿಯೇ ಇರಲಿಲ್ಲ. ಮುಂಬೈಯಲ್ಲಿ ಕೂತು ಬರೆದವರಿಗೆ ಯಶಸ್ವಿನಿ ಹೇಗೆ ಗೊತ್ತಿರಬೇಕು ಹೇಳಿ. ಆದರೆ ನಮ್ಮ ಜಿಲ್ಲೆಗಳಲ್ಲಿ ಈ ಮಾತು ಕೇಳದೆ ಒಂದು ವಾರವೂ ಕಳೆಯುವುದಿಲ್ಲ.

ಎರಡನೇ ಪದರದಲ್ಲಿ ಎರಡು ವಿಷಯಗಳಿವೆ. ಒಂದು, ಅವರು ಈಗಲೇ ಯಾಕೆ ಫೋನ್ ಮಾಡಿದರು ಅನ್ನುವುದು. ಅವರ ಭಾವಮೈದ ಬೈಕಿಂದ ಬಿದ್ದು ಕಾಲು ಮುರಿದುಕೊಂಡು, ಆಪರೇಷನ್ ಮಾಡಿಸಿ ರಾಡ್ ಹಾಕಿಸಿದ. ವಿಮೆ ಇತ್ತು. ಆದರೂ 60,000 ರೂಪಾಯಿ ಕೈಯಿಂದ ಹೋಯಿತು. "ವಿಮೆ ಬೇಕು, ಆದರೆ ಇವರು ಮೋಸಗಾರರು" ಅನ್ನುವುದು ಯಜಮಾನರ ಮನಸ್ಸಿನ ಸ್ಥಿತಿ. "ಈಗ ಯಾಕೆ ಪಾಲಿಸಿ ಬೇಕೆನಿಸಿತು ಸರ್?" ಅಂತ ಯಾರಾದರೂ ಕೇಳಿದರೆ ಈ ಕತೆ ಪೂರ್ತಿ ಹೊರಬರುತ್ತದೆ. ಕೇಳದಿದ್ದರೆ ಕೊನೆಯವರೆಗೂ ಅವರು ಕಾರಣ ಹೇಳದೆ ಗುರ್ ಅನ್ನುತ್ತಲೇ ಇರುತ್ತಾರೆ.

ಇನ್ನೊಂದು, ಶುಗರ್ ಮಾತ್ರೆ. ಇಲ್ಲಿ ಬ್ರೀಫ್‌ನಲ್ಲಿ ಪದಪದವಾಗಿ ಬರೆದಿದ್ದೇವೆ. "ಕಾಯಿಲೆ ಇದೆಯಾ?" ಅಂತ ಕೇಳಿದರೆ: "ಏನಿಲ್ಲ ಬಿಡ್ರಿ." "ಬಿಪಿ, ಶುಗರ್ ಏನಾದ್ರೂ?" ಅಂದರೆ: "ಸ್ವಲ್ಪ ಐತಿ ಅಂತಾರೆ, ಕಂಟ್ರೋಲ್‌ನಲ್ಲಿದೆ." "ದಿನಾ ಯಾವುದಾದ್ರೂ ಮಾತ್ರೆ ತಗೋತೀರಾ?" ಅಂದರೆ: "ಬೆಳಿಗ್ಗೆ ಒಂದು ಶುಗರ್ದು, ನಾಲ್ಕು ವರ್ಷ ಆತು." ಮೂರು ಪ್ರಶ್ನೆಗೆ ಮೂರು ಉತ್ತರ, ಮೂರೂ ಅವರ ಮಟ್ಟಿಗೆ ನಿಜ. ಈ ಮೂರು ಸಾಲುಗಳೇ ಇಡೀ ಬ್ರೀಫ್‌ನ ಬೆನ್ನೆಲುಬು. ರೋಲ್ ಪ್ಲೇ ಆಡಿದವರು ಆಮೇಲೆ ನೆನಪಿಟ್ಟುಕೊಳ್ಳುವುದೂ ಇದನ್ನೇ.

ಮೂರನೇ ಪದರ ಒತ್ತಾಯದ್ದು. ಮಾತ್ರೆಯ ವಿಷಯ ಹೊರಬಿದ್ದ ಮೇಲೆ ಮಾರುವವನು ವೇಟಿಂಗ್ ಪಿರಿಯಡ್ ವಿವರಿಸಬೇಕು. ಮೊದಲೇ ಇದ್ದ ಕಾಯಿಲೆಗೆ ಕಂಪನಿಗಳು ಹೆಚ್ಚೆಂದರೆ 3 ವರ್ಷ ಕಾಯಿಸಬಹುದು. 2024ಕ್ಕೆ ಮೊದಲು ಅದು 4 ವರ್ಷ ಇತ್ತು, ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ ಇಳಿಸಿತು. ಇದನ್ನು ಕೇಳಿದ ಕೂಡಲೇ ಯಜಮಾನರು ಹೇಳಬೇಕಾದ ಮಾತು: "ಹಂಗಾದ್ರೆ ಅದನ್ನ ಬರೀಬೇಡ್ರಿ. ಯಾರಿಗೆ ಗೊತ್ತಾಗುತ್ತೆ?" ತಡೆದರೆ ಇನ್ನೊಂದು ಸಲ, ಸ್ವಲ್ಪ ಬಿಗಿಯಾಗಿ: "ಬೇರೆಯವರು ಹಂಗೇ ಮಾಡಿಕೊಡ್ತಾರೆ. ನೀವು ಆಗಲ್ಲ ಅಂದ್ರೆ ಬಿಡ್ರಿ." ಅದಕ್ಕೂ ಮಾರುವವನು ಬಗ್ಗದಿದ್ದರೆ ಅವರು ತಣ್ಣಗಾಗಬೇಕು, "ಆತು, ಬರೀರಿ" ಅನ್ನಬೇಕು.

ಇಲ್ಲಿ ಬುದ್ಧಿವಂತ ಹುಡುಗರದೇ ಒಂದು ಕಾಟ. 5 ವರ್ಷ ಬಿಡದೆ ಪಾಲಿಸಿ ನಡೆಸಿದರೆ, ಹಿಂದೆ ಹೇಳದೇ ಇದ್ದದ್ದನ್ನು ನೆಪ ಮಾಡಿ ಕಂಪನಿ ಕ್ಲೇಮ್ ತಳ್ಳಿಹಾಕುವಂತಿಲ್ಲ ಎಂಬ ನಿಯಮ ಇದೆ. ಪಿಪಿಟಿಯಲ್ಲಿ ಅದನ್ನು ದಪ್ಪಕ್ಷರದಲ್ಲಿ ಹಾಕಿದ್ದರು, ಗ್ರಾಹಕರಿಗೆ ಒಳ್ಳೆಯ ಸುದ್ದಿ ಅಂತ. ಒಂದು ರೋಲ್ ಪ್ಲೇನಲ್ಲಿ ಹುಡುಗನೊಬ್ಬ ಅದನ್ನೇ ಹಿಡಿದುಕೊಂಡು, "ಐದು ವರ್ಷ ತಳ್ಳಿಬಿಡಿ ಸರ್, ಆಮೇಲೆ ಯಾರೂ ಕೇಳಂಗಿಲ್ಲ" ಅಂದ. ಆ ನಿಯಮದಲ್ಲಿ ಒಂದು ಬಾಲ ಇದೆ: ವಂಚನೆ ಅಂತ ಸಾಬೀತಾದರೆ ಆ ರಕ್ಷಣೆ ಇಲ್ಲ. ಮಾತ್ರೆ ತಗೋತೀನಿ ಅಂತ ಗ್ರಾಹಕ ಹೇಳಿದ ಮೇಲೂ ಏಜೆಂಟ್ 'ಇಲ್ಲ' ಅಂತ ಬರೆದರೆ ಅದನ್ನು ಮರೆವು ಅನ್ನಲು ಆಗುತ್ತದೆಯೇ? ಸ್ಲೈಡ್ ಓದಿ ಕೇಳಿಸಿದಾಗ ಈ ಅಪಾಯ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮಾತಿನ ಮಧ್ಯೆ ಬಂದಾಗ ಬಿತ್ತು.

ಈಗ ಮಾರ್ಕ್ಸ್ ಶೀಟ್. ಪಿಪಿಟಿಯ ಕೊನೆಯಲ್ಲಿ ಒಂದು ಶೀಟ್ ಬಂದಿತ್ತು: ಆತ್ಮವಿಶ್ವಾಸ, ಸಂವಹನ ಕೌಶಲ, ಉತ್ಪನ್ನ ಜ್ಞಾನ, ಆಲಿಸುವಿಕೆ, ಮುಕ್ತಾಯ, ಪ್ರತಿಯೊಂದಕ್ಕೆ ಒಂದರಿಂದ ಐದು. ಅದೇ ಶೀಟ್ ಕೊಟ್ಟು, ಒಂದೇ ರೆಕಾರ್ಡಿಂಗನ್ನು ಇಬ್ಬರು ಟೀಮ್ ಲೀಡರ್‌ಗಳಿಗೆ ಬೇರೆ ಬೇರೆ ಕೂರಿಸಿ ಕೇಳಿಸಿದೆವು. 'ಆಲಿಸುವಿಕೆ'ಗೆ ಒಬ್ಬರು ಎರಡು ಕೊಟ್ಟರು, ಇನ್ನೊಬ್ಬರು ಐದು. ಯಾಕೆ ಅಂತ ಕೇಳಿದರೆ ಇಬ್ಬರದೂ ಸರಿ. ಹುಡುಗ ಭಾವಮೈದನ ಕತೆಯನ್ನು ಮಧ್ಯ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಂಡಿದ್ದ, ಅದಕ್ಕೆ ಐದು. ಕತೆ ಮುಗಿದ ಕೂಡಲೇ "ಓಕೆ ಸರ್, ನಮ್ಮ ಪ್ಲಾನ್‌ನಲ್ಲಿ ಏನೇನಿದೆ ಅಂದ್ರೆ" ಅಂತ ಶುರು ಮಾಡಿದ್ದ, ಅದಕ್ಕೆ ಎರಡು.

ಹಾಗಾಗಿ ಆ ಸಾಲನ್ನು ತೆಗೆದು ಹೀಗೆ ಬರೆದೆವು: "ಭಾವಮೈದನ ಕತೆ ಮುಗಿದ ಮೇಲೆ, ಮಾರುವವನ ಮುಂದಿನ ಎರಡು ವಾಕ್ಯಗಳಲ್ಲಿ ಆ ಕತೆಯ ಯಾವುದಾದರೂ ವಿವರ ಬಂತೇ?" ರೂಮ್, ರಾಡ್, 60,000, ಏನಾದರೂ ಸರಿ. ಬಂದರೆ 2, ಇಲ್ಲದಿದ್ದರೆ 0. ಇದನ್ನು ಕಿವಿಯಿಂದ ಕೇಳಿ ಹೇಳಬಹುದು. ಆಮೇಲೆ ಅದೇ ರೆಕಾರ್ಡಿಂಗ್‌ಗೆ ಇಬ್ಬರೂ ಸೊನ್ನೆ ಕೊಟ್ಟರು. ಶೀಟಿನ ಪ್ರತಿ ಸಾಲಿಗೂ ಇದೇ ಪರೀಕ್ಷೆ ಇಟ್ಟೆವು: ಕಣ್ಣು ಮುಚ್ಚಿಕೊಂಡು ರೆಕಾರ್ಡಿಂಗ್ ಕೇಳಿದವರು 'ಆಯಿತು' ಅಥವಾ 'ಆಗಲಿಲ್ಲ' ಅಂತ ಹೇಳಲು ಆಗಬೇಕು. ಆತ್ಮವಿಶ್ವಾಸ ಈ ಪರೀಕ್ಷೆಯಲ್ಲಿ ಪಾಸಾಗಲಿಲ್ಲ. ತೆಗೆದೇ ಹಾಕಿದೆವು. ನನಗಂತೂ ಅದರ ಬಗ್ಗೆ ಬೇಜಾರಿಲ್ಲ, ಗಟ್ಟಿ ದನಿಯಲ್ಲಿ ತಪ್ಪು ಹೇಳುವವರಿಗೆ ಅದುವರೆಗೂ ಐದಕ್ಕೆ ಐದು ಸಿಗುತ್ತಿತ್ತು.

ಒಟ್ಟು 20 ಮಾರ್ಕ್ಸ್. ಪ್ರೀಮಿಯಂ ಹೇಳುವ ಮೊದಲು ಮನೆಯಲ್ಲಿ ಯಾರ್ಯಾರು, ವಯಸ್ಸೆಷ್ಟು ಅಂತ ಕೇಳಿದ್ದಕ್ಕೆ 2. ಕತೆಯ ವಿವರ ಹಿಡಿದುಕೊಂಡದ್ದಕ್ಕೆ 2. ಯಶಸ್ವಿನಿಯನ್ನು ಹೀಯಾಳಿಸದೆ, ಕಾರ್ಡ್ ಇಟ್ಟುಕೊಳ್ಳಿ ಅಂದು, ಎರಡಕ್ಕೂ ಇರುವ ವ್ಯತ್ಯಾಸ ಹೇಳಿದ್ದಕ್ಕೆ 2. ಮುಂದೆ ಯಾವಾಗ, ಯಾವ ಕಾಗದಪತ್ರದ ಜೊತೆ ಸಿಗುವುದು ಅಂತ ದಿನ ಗೊತ್ತು ಮಾಡಿದ್ದಕ್ಕೆ 2. ಇವು ಚಿಕ್ಕವು. ಉಳಿದ 12 ಮಾರ್ಕ್ಸ್ ಮೂರೇ ವಿಷಯಕ್ಕೆ ಹೋಗುತ್ತವೆ. ಇದು ಬೇಕಂತಲೇ ಮಾಡಿದ್ದು. ಹತ್ತು ಸಾಲಿಗೆ ಎರಡೆರಡು ಹಂಚಿದರೆ, ಚೆನ್ನಾಗಿ ನಮಸ್ಕಾರ ಹೇಳಿ ಚೆನ್ನಾಗಿ ಬೀಳ್ಕೊಟ್ಟವನು ಮಾತ್ರೆಯ ಪ್ರಶ್ನೆ ಕೇಳದೆಯೂ ಪಾಸಾಗಿಬಿಡುತ್ತಾನೆ.

ಮೊದಲ 4 ಮಾರ್ಕ್ಸ್ ಆರೋಗ್ಯದ ಪ್ರಶ್ನೆಗೆ. ಬ್ರೀಫ್‌ನ ಮೂರು ಸಾಲು ಇಲ್ಲಿ ಅಳತೆಗೋಲಾಗುತ್ತದೆ. "ಕಾಯಿಲೆ ಇದೆಯಾ" ಅಂತ ಮಾತ್ರ ಕೇಳಿದರೆ 1. ಬಿಪಿ, ಶುಗರ್ ಅಂತ ಹೆಸರು ಹಿಡಿದು ಕೇಳಿದರೆ 2. ದಿನಾ ತೆಗೆದುಕೊಳ್ಳುವ ಮಾತ್ರೆ, ಹಿಂದೆ ಆದ ಆಪರೇಷನ್, ಇತ್ತೀಚಿನ ಟೆಸ್ಟ್ ಹೀಗೆ ಮಾಡಿದ್ದನ್ನು ಕೇಳಿದರೆ, ಅದನ್ನೂ ಹೆಂಡತಿ ಮಕ್ಕಳಿಗೂ ಸೇರಿಸಿ ಕೇಳಿದರೆ 4.

ಮುಂದಿನ 4 ವೇಟಿಂಗ್ ಪಿರಿಯಡ್‌ಗೆ. 3 ವರ್ಷ ಅಂತ ಹೇಳುವುದಕ್ಕೆ 1 ಮಾತ್ರ. ಅದನ್ನು ಈ ಯಜಮಾನರ ಶುಗರ್‌ಗೆ ಅಂಟಿಸಿ ಹೇಳಿದರೆ ಇನ್ನೆರಡು. ಉದಾಹರಣೆಗೆ, "ಶುಗರ್‌ನಿಂದ ಆಗುವ ತೊಂದರೆಗೆ ಮೂರು ವರ್ಷದವರೆಗೆ ಸಿಗಲ್ಲ ಸರ್, ಆದರೆ ನಾಳೆ ಬೈಕಿಂದ ಬಿದ್ದರೆ ಸಿಗುತ್ತೆ" ಅನ್ನುವ ಮಾತು. ಹೊಸ ಪಾಲಿಸಿಯಲ್ಲಿ ಸಾಮಾನ್ಯ ಕಾಯಿಲೆಗಳಿಗೆ ಮೊದಲ 30 ದಿನ ಕಾಯಬೇಕು, ಅಪಘಾತಕ್ಕೆ ಆ ಕಾಯುವಿಕೆ ಇಲ್ಲ. ಭಾವಮೈದನ ಕತೆ ಕೇಳಿಸಿಕೊಂಡವನಿಗೆ ಈ ಉದಾಹರಣೆ ತಾನಾಗಿಯೇ ಬಾಯಿಗೆ ಬರುತ್ತದೆ. ಕೊನೆಯ 1, ಯಜಮಾನರಿಂದಲೇ ಅದನ್ನು ಹೇಳಿಸಿದ್ದಕ್ಕೆ.

ಉಳಿದ 4, ಆ 60,000ದ ಲೆಕ್ಕಕ್ಕೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಪಿಪಿಟಿಯಲ್ಲಿ 'ಪ್ರೊಪೋರ್ಷನೇಟ್ ಡಿಡಕ್ಷನ್' ಅನ್ನುವ ಒಂದು ಸಾಲಿನ ವಿವರಣೆ ಇತ್ತು. ಅದನ್ನು ಓದಿ ಯಾರಿಗೂ ಏನೂ ಅರ್ಥವಾಗಿರಲಿಲ್ಲ. ಭಾವಮೈದನ ಪಾಲಿಸಿ 5 ಲಕ್ಷದ್ದು, ರೂಮ್ ಬಾಡಿಗೆಗೆ ದಿನಕ್ಕೆ 1 ಶೇಕಡಾ ಮಿತಿ, ಅಂದರೆ 5,000. ಅವನು ಹಿಡಿದ ರೂಮ್ ದಿನಕ್ಕೆ 8,000. ಐದು ದಿನ ಇದ್ದ. ರೂಮ್ ಬಿಲ್ 40,000, ಡಾಕ್ಟರ್, ನರ್ಸಿಂಗ್, ಆಪರೇಷನ್ ಥಿಯೇಟರ್ ಸೇರಿ 1,20,000, ಔಷಧಿ, ರಾಡ್, ಟೆಸ್ಟ್‌ಗಳು 1,10,000. ಒಟ್ಟು 2,70,000. ಮನೆಯವರ ಲೆಕ್ಕದಲ್ಲಿ ಕೈಯಿಂದ ಹೋಗಬೇಕಿದ್ದದ್ದು ದಿನಕ್ಕೆ 3,000ದಂತೆ 15,000 ಅಷ್ಟೇ. ಆದರೆ ಇಂಥ ಪಾಲಿಸಿಯಲ್ಲಿ ಮಿತಿ ಮೀರಿದ ರೂಮ್ ಹಿಡಿದರೆ, ಡಾಕ್ಟರ್, ಥಿಯೇಟರ್ ಖರ್ಚನ್ನೂ ಅದೇ ಪ್ರಮಾಣದಲ್ಲಿ ಕಡಿತ ಮಾಡುತ್ತಾರೆ. ಎಂಟರಲ್ಲಿ ಐದು ಪಾಲು. ಹಾಗಾಗಿ 1,20,000ದಲ್ಲಿ 75,000 ಮಾತ್ರ ಬಂತು, 45,000 ಹೋಯಿತು. ಔಷಧಿ, ದೇಹದೊಳಗೆ ಹಾಕುವ ರಾಡ್‌ನಂಥವು, ಟೆಸ್ಟ್‌ಗಳಿಗೆ ಈ ಕಡಿತ ಹಾಕುವಂತಿಲ್ಲ, ಅವು ಪೂರ್ತಿ ಬಂದವು. 15,000ಕ್ಕೆ 45,000 ಸೇರಿ 60,000.

ಯಜಮಾನರ ಎದುರು ಇಷ್ಟನ್ನೂ ಹೇಳಬೇಕಿಲ್ಲ. "ರೂಮ್ ದೊಡ್ಡದಾದಾಗ ಡಾಕ್ಟರ್ ಬಿಲ್ಲೂ ಅದರ ಜೊತೆ ಕಡಿತವಾಗಿರುತ್ತೆ ಸರ್, ಆ ಪಾಲಿಸಿಯಲ್ಲಿ ರೂಮ್‌ಗೆ ಮಿತಿ ಇತ್ತೇನೋ ನೋಡಿ" ಅಂದರೆ 2. ನಾವು ತೋರಿಸುತ್ತಿರುವ ಪಾಲಿಸಿಯಲ್ಲಿ ಆ ಮಿತಿ ಇದೆಯೋ ಇಲ್ಲವೋ ಅಂತ ತಾವಾಗಿಯೇ ಹೇಳಿದರೆ ಇನ್ನೆರಡು. "ಆ ಕಂಪನಿನೇ ಸರಿ ಇಲ್ಲ ಸರ್" ಅಂದರೆ ಸೊನ್ನೆ. ಬಹಳ ಜನ ಜಾರುವುದು ಇಲ್ಲೇ, ಯಾಕೆಂದರೆ ಗ್ರಾಹಕ ಕೂಡ ಅದನ್ನೇ ಕೇಳಲು ಬಯಸುತ್ತಿರುತ್ತಾನೆ.

ಇನ್ನು "ಬರೀಬೇಡ್ರಿ" ಅನ್ನುವ ಒತ್ತಾಯ. ಇದಕ್ಕೆ ಮಾರ್ಕ್ಸ್ ಇಟ್ಟಿಲ್ಲ. ಒಪ್ಪಿಕೊಂಡರೆ ಉಳಿದ ಮಾರ್ಕ್ಸ್ ಎಷ್ಟೇ ಇರಲಿ, ಶೀಟ್ ಅಲ್ಲಿಗೇ ರದ್ದು, ಮತ್ತೆ ಮೊದಲಿಂದ. ಶೀಟ್ ಬರೆಯುವಾಗ ಇದರ ಬಗ್ಗೆ ನಮ್ಮಲ್ಲೇ ಜಗಳವಾಯಿತು. ಐದು ಮಾರ್ಕ್ಸ್ ಕಡಿತ ಸಾಕು ಅನ್ನುವುದು ಒಬ್ಬ ಟೀಮ್ ಲೀಡರ್ ವಾದ. ಆದರೆ ಕಡಿತ ಅಂದರೆ ಒಂದು ಬೆಲೆ ಕಟ್ಟಿದ ಹಾಗೆ. ಹದಿನೈದು ಬಂದು ಪಾಸಾದವನು ಹೊರಗೆ ಹೋಗಿ ಏನು ಮಾಡುತ್ತಾನೆ? ಇದೇ ನಿಯಮ ಇನ್ನೊಂದು ಬ್ರೀಫ್‌ಗೂ ಇದೆ. ಅದರಲ್ಲಿ ಗ್ರಾಹಕ "ನಿಮ್ಮ ಕಮಿಷನ್‌ನಲ್ಲಿ ನನಗೆಷ್ಟು ಬಿಡ್ತೀರಿ?" ಅಂತ ಕೇಳುತ್ತಾನೆ. 1938ರ ವಿಮಾ ಕಾಯ್ದೆಯ 41ನೇ ಕಲಂ ಪ್ರಕಾರ ಹಾಗೆ ಕಮಿಷನ್ ಬಿಟ್ಟುಕೊಡುವಂತಿಲ್ಲ. ನಗುತ್ತಾ "ನೋಡೋಣ ಸರ್" ಅಂದರೂ ಶೀಟ್ ರದ್ದು. ಇಲ್ಲ ಅಂತ ಬಾಯಿ ಬಿಟ್ಟು ಹೇಳಬೇಕು.

ಗ್ರಾಹಕನ ಪಾತ್ರ ಯಾರು ಮಾಡಬೇಕು ಅನ್ನುವುದು ಬ್ರೀಫ್‌ನಷ್ಟೇ ಮುಖ್ಯ. ಸಾಮಾನ್ಯವಾಗಿ ಮ್ಯಾನೇಜರ್ ಕೂರುತ್ತಾರೆ. ಅವರಿಗೆ ಎಲ್ಲ ಉತ್ತರ ಗೊತ್ತು, ಎದುರಿಗಿರುವುದು ತಮ್ಮ ಕೈಕೆಳಗಿನ ಹುಡುಗ, ಸುತ್ತ ನೋಡುವವರು ಬೇರೆ. ಐದು ನಿಮಿಷದಲ್ಲಿ ಅದು ವೈವಾ ಪರೀಕ್ಷೆ ಆಗಿಬಿಡುತ್ತದೆ. ಯಾವ ಹಾರ್ಡ್‌ವೇರ್ ಅಂಗಡಿಯವರೂ ಕೇಳದ ಪ್ರಶ್ನೆಗಳನ್ನು ಕೇಳಿ ಹುಡುಗನನ್ನು ಮಣ್ಣು ಮುಕ್ಕಿಸುತ್ತಾರೆ. ಬೆಲೆಯ ಮಾತು ಎರಡೇ ಸಲ, ಒತ್ತಾಯ ಎರಡೇ ಸಲ ಅಂತ ಬರೆದಿಟ್ಟದ್ದು ಇದಕ್ಕಾಗಿ. ಗ್ರಾಹಕ ಯಾವಾಗ ಮೆತ್ತಗಾಗಬೇಕು ಅನ್ನುವುದು ಬ್ರೀಫ್‌ನಲ್ಲಿ ಇಲ್ಲದಿದ್ದರೆ, ಪಾತ್ರಧಾರಿ ಯಾವತ್ತೂ ಮೆತ್ತಗಾಗುವುದಿಲ್ಲ. ಇಲ್ಲವೇ, ಸ್ನೇಹಿತನಾಗಿದ್ದರೆ, ಕೇಳುವ ಮೊದಲೇ ಮಾತ್ರೆಯ ಸುದ್ದಿ ಹೇಳಿಬಿಡುತ್ತಾನೆ. ನಮ್ಮಲ್ಲಿ ಈಗ ಕ್ಲೇಮ್ಸ್ ಡೆಸ್ಕ್‌ನ ಇಬ್ಬರು ಹೆಣ್ಣುಮಕ್ಕಳು ಯಜಮಾನರ ಪಾತ್ರ ಮಾಡುತ್ತಾರೆ. ದಿನಾ ಅಂಥವರ ಬೈಗುಳ ಕೇಳಿ ಅಭ್ಯಾಸವಾಗಿರುವುದರಿಂದ ದಾವಣಗೆರೆ ಯಜಮಾನರ ಧಾಟಿ ಅವರಿಗೆ ಸಲೀಸು. "ಏನ್ರೀ, ಊಟದ ಹೊತ್ತಿಗೆ ಬಂದೀರಿ" ಅಂತ ಒಬ್ಬರು ತಾವಾಗಿಯೇ ಸೇರಿಸಿದ ಸಾಲು ಈಗ ಬ್ರೀಫ್‌ನಲ್ಲೇ ಇದೆ.

ಆಟ ಎಂಟು ನಿಮಿಷ, ಆಮೇಲೆ ಐದು ನಿಮಿಷ ಮಾತು. ಆ ಐದು ನಿಮಿಷದಲ್ಲಿ ಮೊದಲು ಬಾಯಿ ಬಿಡುವುದು ಯಜಮಾನರು, ಅದೂ ಪಾತ್ರದಲ್ಲೇ ಇದ್ದು. "ನನ್ನ ಹತ್ತಿರ ಇನ್ನೊಂದು ವಿಷಯ ಇತ್ತು, ನೀನು ಕೇಳಲಿಲ್ಲ" ಅಂತ ಹೇಳಿ, ಏನದು ಅಂತ ತಿಳಿಸುತ್ತಾರೆ. ಮಾರ್ಕ್ಸ್ ಹೇಳುವುದು ಅದಾದ ಮೇಲೆ. ಈ ಕ್ರಮ ಬದಲಾಯಿಸಿ ಮಾರ್ಕ್ಸ್ ಮೊದಲು ಹೇಳಿದರೆ ಹುಡುಗರು ಮಾರ್ಕ್ಸ್ ಬಗ್ಗೆಯೇ ವಾದಕ್ಕೆ ಬೀಳುತ್ತಾರೆ. ಮಾತ್ರೆಯ ವಿಷಯ ಯಜಮಾನರ ಬಾಯಿಂದ ಕೇಳಿದಾಗ ವಾದಕ್ಕೆ ಜಾಗವೇ ಇರುವುದಿಲ್ಲ.

ಈ ಪದ್ಧತಿಗೆ ಒಂದು ರೋಗ ಬೇಗ ಅಂಟಿಕೊಳ್ಳುತ್ತದೆ. ಮೊದಲ ಬ್ಯಾಚ್ ಮುಗಿಸಿ ಟೀ ಕುಡಿಯಲು ಹೋದ ಕೂಡಲೇ ಎರಡನೇ ಬ್ಯಾಚ್‌ಗೆ ಶುಗರ್ ಸುದ್ದಿ ಗೊತ್ತಾಗಿರುತ್ತದೆ. ಹುಡುಗ ಬಂದು ಕೂತವನೇ, ನಮಸ್ಕಾರ ಹೇಳುವ ಮೊದಲೇ "ಮಾತ್ರೆ ಏನಾದ್ರೂ ತಗೋತೀರಾ ಸರ್?" ಅಂತಾನೆ. ಅದಕ್ಕೆ ಎರಡನೇ ಪದರವನ್ನು ಬದಲಾಯಿಸಿಕೊಳ್ಳುವಂತೆ ಇಟ್ಟಿದ್ದೇವೆ. ಒಂದರಲ್ಲಿ ಹೆಂಡತಿಗೆ ಥೈರಾಯ್ಡ್ ಮಾತ್ರೆ. ಇನ್ನೊಂದರಲ್ಲಿ ಯಜಮಾನರಿಗೆ ಗುಟ್ಕಾ ಅಭ್ಯಾಸ, ಕೇಳಿದರೆ "ಬರೀ ಅಡಿಕೆ" ಅನ್ನುತ್ತಾರೆ. ಮತ್ತೊಂದರಲ್ಲಿ ಏನೂ ಇಲ್ಲ. ಈ ಏನೂ ಇಲ್ಲದ ಬ್ರೀಫ್ ಬಹಳ ಉಪಯೋಗಕ್ಕೆ ಬಂತು. ಪ್ರತಿ ಗ್ರಾಹಕನೂ ಏನೋ ಬಚ್ಚಿಟ್ಟಿದ್ದಾನೆ ಅಂತ ಕಲಿತ ಹುಡುಗರು ಪೊಲೀಸ್ ಠಾಣೆಯ ಧಾಟಿಯಲ್ಲಿ ಕೆದಕಲು ಶುರು ಮಾಡುತ್ತಾರೆ. ನಿಜವಾಗಿಯೂ ಏನೂ ಇಲ್ಲದ ಯಜಮಾನರು ನಾಲ್ಕನೇ ಪ್ರಶ್ನೆಗೆ ಎದ್ದು ಹೋಗುತ್ತಾರೆ, ಆ ಬ್ರೀಫ್‌ನಲ್ಲಿ ಹಾಗೆಯೇ ಬರೆದಿದೆ.

ಮಾರದೇ ಇರುವುದೇ ಸರಿಯಾದ ಉತ್ತರವಾಗುವ ಬ್ರೀಫ್ ಒಂದಾದರೂ ಇರಬೇಕು ಅನ್ನುವುದು ನನ್ನ ಹಟ. ನಮ್ಮದರಲ್ಲಿ ಗ್ರಾಹಕನಿಗೆ ಈಗಾಗಲೇ ನಾಲ್ಕು ವರ್ಷದ ಪಾಲಿಸಿ ಇದೆ. ಅದನ್ನು ಬಿಟ್ಟು ಅಗ್ಗದ್ದೊಂದು ಹೊಸದಾಗಿ ಕೊಡಿ ಅನ್ನುತ್ತಾನೆ. ಹೊಸದು ಕೊಟ್ಟರೆ ಅವನ ಬಿಪಿಗೆ ವೇಟಿಂಗ್ ಪಿರಿಯಡ್ ಮತ್ತೆ ಸೊನ್ನೆಯಿಂದ ಶುರು. ಪೋರ್ಟ್ ಮಾಡಿಸಿದರೆ, ಅಂದರೆ ಇರುವ ಪಾಲಿಸಿಯನ್ನೇ ಈ ಕಂಪನಿಗೆ ವರ್ಗಾಯಿಸಿಕೊಂಡರೆ, ಹಳೆಯ ಮೊತ್ತದ ಮಟ್ಟಿಗೆ ಕಳೆದ ವರ್ಷಗಳು ಲೆಕ್ಕಕ್ಕೆ ಬರುತ್ತವೆ. ಇವತ್ತೇ ಚೆಕ್ ಬರೆಯಲು ಸಿದ್ಧನಾಗಿ ಕೂತಿರುವ ಗ್ರಾಹಕನಿಗೆ "ಬೇಡ ಸರ್, ರಿನ್ಯೂವಲ್‌ಗೆ ಮೊದಲು ಬರ್ತೀನಿ, ಪೋರ್ಟ್ ಮಾಡಿಸೋಣ" ಅನ್ನಬೇಕು. ತಿಂಗಳ ಕೊನೆಯ ವಾರದಲ್ಲಿ ಈ ಬ್ರೀಫ್ ಆಡಿಸಿದರೆ ಟಾರ್ಗೆಟ್ ತುಂಬದವರ ಮುಖ ನೋಡಬೇಕು. ಬೇಕಂತಲೇ ಆ ವಾರದಲ್ಲೇ ಆಡಿಸುತ್ತೇನೆ.

ಇದರಿಂದ ಎಲ್ಲ ಗೊತ್ತಾಗುತ್ತದೆ ಅಂತೇನಿಲ್ಲ. ಎಂಟು ನಿಮಿಷದ ಆಟದಲ್ಲಿ, ಮೂರು ಸಲ ಹೋದರೂ "ಮುಂದಿನ ವಾರ ಬರ್ರಿ" ಅನ್ನುವ ಗ್ರಾಹಕನ ಹಿಂದೆ ಯಾರು ತಾಳ್ಮೆಯಿಂದ ಓಡಾಡುತ್ತಾರೆ ಅನ್ನುವುದು ತಿಳಿಯುವುದಿಲ್ಲ. ಫೋನ್‌ನಲ್ಲಿ ಚೆನ್ನಾಗಿ ಮಾತಾಡುವವನು ಎದುರಿಗೆ ಕೂತಾಗ ತಡವರಿಸಬಹುದು. ಇಪ್ಪತ್ತಕ್ಕೆ ಹದಿನೆಂಟು ತೆಗೆದವರು ಹೆಚ್ಚು ಪಾಲಿಸಿ ಮಾರುತ್ತಾರೆ ಅಂತಲೂ ನಾನು ಹೇಳುವುದಿಲ್ಲ. ಈ ಶೀಟ್ ಅಳೆಯುವುದು ಫಾರ್ಮ್ ಸರಿಯಾಗಿ ತುಂಬುತ್ತದೆಯೇ ಅನ್ನುವುದನ್ನು. ಅದು ಗೊತ್ತಾದರೆ ನನಗೆ ಸಾಕು.

ಬ್ರೀಫ್ ಹಳಸುವುದೂ ಬೇಗ. 2025ರ ಸೆಪ್ಟೆಂಬರ್ 22ರಿಂದ ವ್ಯಕ್ತಿಗಳು, ಕುಟುಂಬಗಳು ತೆಗೆದುಕೊಳ್ಳುವ ಆರೋಗ್ಯ ವಿಮೆಯ ಮೇಲಿದ್ದ ಶೇಕಡಾ 18 ಜಿಎಸ್‌ಟಿ ಹೋಯಿತು. ನಮ್ಮ ಒಂದು ಬ್ರೀಫ್‌ನಲ್ಲಿ ಗ್ರಾಹಕ "ಪ್ರೀಮಿಯಂ ಮೇಲೆ ಮತ್ತೆ ಟ್ಯಾಕ್ಸ್ ಬೇರೆ ಹಾಕ್ತೀರಾ?" ಅಂತ ಕೂಗಾಡುತ್ತಿದ್ದ. ಅವನ ಕೂಗಾಟಕ್ಕೆ ಕಾರಣವೇ ಇಲ್ಲವಾಯಿತು. ಈಗ ಪ್ರತಿ ಬ್ರೀಫ್‌ನ ತಲೆಯ ಮೇಲೆ, ಅದು ಯಾವ ನಿಯಮಗಳನ್ನು ನಂಬಿದೆ, ಯಾವ ತಾರೀಖಿಗೆ ನೋಡಿದ್ದು ಅಂತ ಎರಡು ಸಾಲು ಬರೆಯುತ್ತೇವೆ. ನಿಯಮ ಬದಲಾದರೆ ಆ ಎರಡು ಸಾಲು ನೋಡಿ ಯಾವ ಬ್ರೀಫ್ ತೆಗೆಯಬೇಕು ಅಂತ ಗೊತ್ತಾಗುತ್ತದೆ. ಟ್ಯಾಕ್ಸ್ ಬಗ್ಗೆ ಕೂಗಾಡುತ್ತಿದ್ದವನಿಗೆ ಸದ್ಯ ಬೇರೆ ಜಗಳ ಕೊಟ್ಟಿದ್ದೇವೆ. ಪಾಲಿಸಿ ಕೈಗೆ ಬಂದು ಹನ್ನೆರಡು ದಿನ ಆಗಿದೆ, ಅವನಿಗೆ ಅದು ಬೇಡವಾಗಿದೆ. ವಾಪಸ್ ಕೊಡಲು 30 ದಿನದ ಅವಕಾಶ ಇದೆ ಅಂತ ಅವನಿಗೆ ಗೊತ್ತಿಲ್ಲ. ಎದುರಿಗೆ ಕೂತ ಹುಡುಗನಿಗೆ ಗೊತ್ತು. ಅದನ್ನು ಅವನೇ ಹೇಳುತ್ತಾನೋ ಇಲ್ಲವೋ ಅನ್ನುವುದಕ್ಕೆ ಎಷ್ಟು ಮಾರ್ಕ್ಸ್ ಇಡಬೇಕು, ಅಥವಾ ಹೇಳದಿದ್ದರೆ ಶೀಟ್ ರದ್ದು ಮಾಡಬೇಕೋ ಅಂತ ನಮ್ಮಲ್ಲಿ ಇನ್ನೂ ತೀರ್ಮಾನವಾಗಿಲ್ಲ.